ಒಂದೇ ಐವತ್ತು ಕಂಪನಿ, ಎರಡು ಬಗೆಯ ತೂಕ: ನನ್ನ ಅನುಭವ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು, ಉಳಿತಾಯದ ಹಣವನ್ನು ಸೂಚ್ಯಂಕ ಫಂಡ್‌ಗಳಲ್ಲಿ, ಅಂದರೆ ಷೇರು ಸೂಚ್ಯಂಕವೊಂದರ ಪಟ್ಟಿಯನ್ನು ಹಾಗೆಯೇ ಅನುಸರಿಸುವ ಫಂಡ್‌ಗಳಲ್ಲಿ, ತೊಡಗಿಸುತ್ತೇನೆ. ಯಾವ ಸೂಚ್ಯಂಕ ಎಂಬುದನ್ನು ಹಿಂದಿನ ಪ್ರತಿಫಲ ನೋಡಿ ತೀರ್ಮಾನಿಸಲಿಲ್ಲ. ಅದು ಯಾವಾಗ ಏನನ್ನು ಮಾರಿ ಏನನ್ನು ಕೊಳ್ಳುತ್ತದೆ ಎಂಬುದನ್ನು ಮೊದಲು ಬಿಡಿಸಿ ನೋಡಿದೆ.

ದೇಶದ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರಲ್ಲಿ ಕಂಪನಿಗೆ ಸಿಗುವ ತೂಕವು, ಅಂದರೆ ಒಟ್ಟಿನಲ್ಲಿ ಅದರ ಪಾಲು, ಮಾರುಕಟ್ಟೆಯಲ್ಲಿ ವಹಿವಾಟಿಗೆ ಲಭ್ಯವಿರುವ ಅದರ ಷೇರುಗಳ ಒಟ್ಟು ಮೌಲ್ಯಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ದೊಡ್ಡ ಹತ್ತು ಕಂಪನಿಗಳ ಪಾಲೇ ಅರ್ಧಕ್ಕಿಂತ ಹೆಚ್ಚು. ಷೇರಿನ ಬೆಲೆ ಏರಿದರೆ ತೂಕ ತಾನಾಗಿಯೇ ಏರುತ್ತದೆ. ಫಂಡ್ ಏನನ್ನೂ ಕೊಳ್ಳಬೇಕಾಗಿಲ್ಲ, ಖರ್ಚೂ ಕಡಿಮೆ. ಸಮಾನ ತೂಕದ ನಿಫ್ಟಿಯಲ್ಲಿ ಅದೇ ಐವತ್ತು ಕಂಪನಿಗಳಿಗೆ ತಲಾ ಶೇ 2. ಬೆಲೆ ಬದಲಾದಂತೆ ಇದು ಕೆಡುವುದರಿಂದ ಮೂರು ತಿಂಗಳಿಗೊಮ್ಮೆ ಏರಿದ್ದನ್ನು ಸ್ವಲ್ಪ ಮಾರಿ, ಇಳಿದದ್ದನ್ನು ಕೊಂಡು ಮತ್ತೆ ಸಮ ಮಾಡುತ್ತಾರೆ.

ಇದರ ಪರಿಣಾಮ ತಿಳಿಯಲು ಐದೇ ಕಂಪನಿಗಳ ಸೂಚ್ಯಂಕವೊಂದನ್ನು ಕಾಗದದ ಮೇಲೆ ಹಾಕಿಕೊಂಡೆ. ದೊಡ್ಡದರ ತೂಕ ಶೇ 40, ಉಳಿದ ನಾಲ್ಕರದು ತಲಾ ಶೇ 15. ದೊಡ್ಡದು ಮಾತ್ರ ಶೇ 30 ಏರಿ ಉಳಿದವು ಇದ್ದಲ್ಲೇ ಇದ್ದರೆ ನಿಫ್ಟಿ 50ರಂತೆ ಮೌಲ್ಯಕ್ಕೆ ತಕ್ಕ ತೂಕ ಹಿಡಿದವನಿಗೆ ಶೇ 12, ಸಮಾನ ತೂಕದವನಿಗೆ ಶೇ 6 ಸಿಗುತ್ತದೆ. ಬದಲಿಗೆ ದೊಡ್ಡದು ಶೇ 10 ಇಳಿದು ಉಳಿದ ನಾಲ್ಕೂ ಶೇ 20 ಏರಿದರೆ ಮೊದಲನೆಯವನಿಗೆ ಶೇ 8, ಎರಡನೆಯವನಿಗೆ ಶೇ 14. ಸಮಾನ ತೂಕವನ್ನು ಆರಿಸಿಕೊಂಡವನು ‘ದೊಡ್ಡವರು ಹಿಂದೆ ಬೀಳುತ್ತಾರೆ’ ಎಂಬ ಕಡೆಗೆ ವಾಲಿರುತ್ತಾನೆ. ಕೆಲವೇ ದೊಡ್ಡ ಷೇರುಗಳು ನಿಫ್ಟಿಯನ್ನು ಎಳೆದೊಯ್ದ 2018, 2019ರಂಥ ವರ್ಷಗಳಲ್ಲಿ ಅವನು ಹಿಂದೆ ಉಳಿದ.

ಮೊಮೆಂಟಮ್ ಫಂಡ್ ಮಾಡುವುದು ಇದರ ತಿರುಗುಮುರುಗು. ನಿಫ್ಟಿ200 ಮೊಮೆಂಟಮ್ 30 ಸೂಚ್ಯಂಕವು ಇನ್ನೂರು ದೊಡ್ಡ ಕಂಪನಿಗಳ ಪೈಕಿ ಕಳೆದ ಆರು ಮತ್ತು ಹನ್ನೆರಡು ತಿಂಗಳಲ್ಲಿ ಬೆಲೆ ಚೆನ್ನಾಗಿ ಏರಿದ ಮೂವತ್ತು ಷೇರುಗಳನ್ನು, ಅವುಗಳ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿದು, ಆರಿಸುತ್ತದೆ. ಸಮಾನ ತೂಕ ಮಾರುವುದನ್ನು ಮೊಮೆಂಟಮ್ ಎಷ್ಟೋ ಸಲ ಕೊಳ್ಳುತ್ತದೆ. ಎರಡನ್ನೂ ಕೊಂಡಿಟ್ಟುಕೊಂಡವರು ಎರಡಕ್ಕೂ ಶುಲ್ಕ ಕೊಟ್ಟು ನಿಫ್ಟಿಯ ಹತ್ತಿರಕ್ಕೇ ಬಂದು ನಿಲ್ಲುವ ಸಾಧ್ಯತೆಯಿದೆ. ನಾನು ಸಮಾನ ತೂಕವನ್ನು ಕೈಬಿಟ್ಟದ್ದು ಇದೇ ಕಾರಣಕ್ಕೆ.

ಗಿರಣಿಯ ಕಿರಿಯ ಸಹೋದ್ಯೋಗಿಯೊಬ್ಬ ಮೊಬೈಲ್‌ನಲ್ಲಿ ಮೊಮೆಂಟಮ್ ಸೂಚ್ಯಂಕದ ನಕ್ಷೆ ತೋರಿಸಿದ: “ಸರ್, 2005ರಿಂದ ನಿಫ್ಟಿಗಿಂತ ಎಷ್ಟು ಮುಂದಿದೆ ನೋಡಿ. ಎಲ್ಲ ಹಣವನ್ನೂ ಇದರಲ್ಲೇ ಹಾಕೋಣವೇ?” ಸೂಚ್ಯಂಕದ ಮಾಹಿತಿ ಪತ್ರ ತೆಗೆಸಿ ಎರಡು ಸಾಲು ಓದಿಸಿದೆ. Base Date 2005, Launch Date 2020. ಮೊದಲ ಹದಿನೈದು ವರ್ಷಗಳ ಗೆರೆಯನ್ನು ನಿಯಮ ಬರೆದ ಮೇಲೆ ಹಳೆಯ ಬೆಲೆಗಳಿಗೆ ಅನ್ವಯಿಸಿ ಎಳೆದದ್ದು. ಆ ಹಣವನ್ನು ಯಾರೂ ಗಳಿಸಿಲ್ಲ, ಅದರಲ್ಲಿ ದಲ್ಲಾಳಿ ಖರ್ಚೂ ಇಲ್ಲ. ನಾನು ನೋಡುವುದು ಬಿಡುಗಡೆಯ ನಂತರದ ಭಾಗವನ್ನು, ಅದನ್ನೂ ಲಾಭಾಂಶ ಸೇರಿದ ನಿಫ್ಟಿಯ ಒಟ್ಟು ಪ್ರತಿಫಲದ ಪಕ್ಕದಲ್ಲಿಟ್ಟು. ಆಮೇಲೆ ಫಂಡ್‌ನ ನಿಜವಾದ ಪ್ರತಿಫಲವು ಅದರದೇ ಸೂಚ್ಯಂಕಕ್ಕಿಂತ ಎಷ್ಟು ಕಡಿಮೆ ಬಂದಿದೆ ಎಂದು ಕಳೆದು ನೋಡುತ್ತೇನೆ. ಹೆಚ್ಚು ಕೊಡುಕೊಳ್ಳುವಿಕೆ ಇರುವ ಮೊಮೆಂಟಮ್‌ನಲ್ಲಿ ಈ ಅಂತರ ಸಾಮಾನ್ಯವಾಗಿ ನಿಫ್ಟಿ ಫಂಡ್‌ಗಿಂತ ದೊಡ್ಡದು. ಒಂದು ಅನುಕೂಲವನ್ನು ಮರೆಯಬಾರದು: ಫಂಡ್ ಒಳಗೆ ಷೇರು ಮಾರಿದಾಗ ನಮಗೆ ತೆರಿಗೆ ಬೀಳುವುದಿಲ್ಲ, ನಾವು ಯೂನಿಟ್ ಮಾರಿದಾಗ ಮಾತ್ರ ಬೀಳುತ್ತದೆ. ಇದೇ ಪಟ್ಟಿಯನ್ನು ಸ್ವಂತ ಡಿಮ್ಯಾಟ್ ಖಾತೆಯಲ್ಲಿ ನಡೆಸಿದರೆ ಪ್ರತಿ ಬದಲಾವಣೆಯ ಲಾಭಕ್ಕೂ ತೆರಿಗೆಯ ಲೆಕ್ಕವಿದೆ.

ಮೊಮೆಂಟಮ್ ನೋಯಿಸುವುದು ಮಾರುಕಟ್ಟೆ ಥಟ್ಟನೆ ತಿರುಗಿದಾಗ. ಪಟ್ಟಿ ಬದಲಾಗುವುದು ಜೂನ್ ಮತ್ತು ಡಿಸೆಂಬರ್‌ನಲ್ಲಿ ಮಾತ್ರ. 2024ರ ಸೆಪ್ಟೆಂಬರ್ ಕೊನೆಯಿಂದ 2025ರ ಮಾರ್ಚ್ ಆರಂಭದವರೆಗೆ ನಿಫ್ಟಿ ಸುಮಾರು ಶೇ 16 ಇಳಿಯಿತು. ಹಿಂದಿನ ಓಟದ ಷೇರುಗಳನ್ನು ಹಿಡಿದು ಕೂತಿದ್ದ ಮೊಮೆಂಟಮ್ ಅದಕ್ಕಿಂತ ಬಹಳ ಆಳಕ್ಕೆ ಬಿತ್ತು.

ಆದ್ದರಿಂದ ನಾನು ತಿಂಗಳ ಹೂಡಿಕೆಯ ನೂರು ರೂಪಾಯಿಯಲ್ಲಿ ಎಂಬತ್ತನ್ನು ನಿಫ್ಟಿ 50ಕ್ಕೆ, ಇಪ್ಪತ್ತನ್ನು ಮೊಮೆಂಟಮ್‌ಗೆ ಹಾಕುತ್ತೇನೆ. ಖರ್ಚು ಕಳೆದು ಅದು ನಿಫ್ಟಿಗಿಂತ ವರ್ಷಕ್ಕೆ ಶೇ 3 ಹೆಚ್ಚು ಕೊಟ್ಟಿತು ಎಂದೇ ಇಟ್ಟುಕೊಳ್ಳಿ. ಹತ್ತು ಲಕ್ಷದ ಒಟ್ಟು ಹೂಡಿಕೆಯಲ್ಲಿ ಅದರ ಪಾಲು ಎರಡು ಲಕ್ಷ, ಹೆಚ್ಚುವರಿ ಗಳಿಕೆ ವರ್ಷಕ್ಕೆ ಆರು ಸಾವಿರ. ನಾನು ಆಶಿಸುವುದು ಇಷ್ಟನ್ನೇ. ಸತತ ಕೆಲವು ವರ್ಷ ನಿಫ್ಟಿಗಿಂತ ಹಿಂದೆ ಬಿದ್ದರೂ ಕಂತು ನಿಲ್ಲಿಸದಷ್ಟು ಚಿಕ್ಕದಾಗಿರಲಿ ಎಂದೇ ಪಾಲನ್ನು ಇಪ್ಪತ್ತಕ್ಕೆ ಕಟ್ಟಿದ್ದೇನೆ.

ನಿವೃತ್ತಿಗೆ ಹತ್ತಿರವಿರುವ ನನ್ನ ಅಕ್ಕನಿಗೆ ಮೊಮೆಂಟಮ್ ಬೇಡವೆಂದೆ. ಆಕೆ ಲೋ ವೊಲಟಿಲಿಟಿ ಫಂಡ್ ಕೊಂಡಿದ್ದಾಳೆ. ನಿಫ್ಟಿ100ರ ನೂರು ದೊಡ್ಡ ಕಂಪನಿಗಳಲ್ಲಿ ಹಿಂದಿನ ಒಂದು ವರ್ಷ ದಿನನಿತ್ಯದ ಏರಿಳಿತ ಅತಿ ಕಡಿಮೆಯಿದ್ದ ಮೂವತ್ತು ಷೇರುಗಳ ಗುಂಪು ಅದು. 2020ರ ಮಾರ್ಚ್‌ನಲ್ಲಿ ನಿಫ್ಟಿ ಜನವರಿಯ ಎತ್ತರದಿಂದ ಶೇ 38 ಕುಸಿದಾಗ ಇದು ಅಷ್ಟು ಬೀಳಲಿಲ್ಲ, ಆದರೆ ಬಿದ್ದದ್ದು ಸಣ್ಣ ಪ್ರಮಾಣದಲ್ಲೇನೂ ಅಲ್ಲ. ಮಾರುಕಟ್ಟೆ ಭರದಿಂದ ಏರುವ ವರ್ಷಗಳಲ್ಲಿ ಹಿಂದೆ ಉಳಿಯುವುದೂ ಇದೇ. ಮಗಳ ಮದುವೆಗೆ ಎರಡು ವರ್ಷದಲ್ಲಿ ಬೇಕಾದ ಹಣವನ್ನು ಅಕ್ಕ ಇದರಲ್ಲಿ ಹಾಕಿಲ್ಲ, ಬ್ಯಾಂಕಿನ ಠೇವಣಿಯಲ್ಲಿಟ್ಟಿದ್ದಾಳೆ.