ಹೆಸರಿಲ್ಲದ ಮಿನಿಟ್ಸ್: ಅಧ್ಯಾಪಕರ ಸಂದರ್ಶನವನ್ನು ನಾವು ದಾಖಲಿಸಿದ ರೀತಿ

ಮಿನಿಟ್ಸ್‌ನಲ್ಲಿ ಅಭ್ಯರ್ಥಿಗಳ ಹೆಸರು ಬರೆಯುವುದು ಬೇಡ ಎಂದು ನಾನು ಹೇಳಿದಾಗ ನಮ್ಮ ಕಮಿಟಿಯಲ್ಲಿ ಯಾರೂ ಒಪ್ಪಲಿಲ್ಲ. "ಹೆಸರಿಲ್ಲದಿದ್ದರೆ ಎಇಒ ಆಫೀಸಿನವರು ವಾಪಸ್ ಕಳಿಸ್ತಾರೆ ಮಾಷೆ" ಅಂದರು ಪಿಟಿಎ ಅಧ್ಯಕ್ಷರು. ಈಗ ಕಾಸರಗೋಡು ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ದಿನಗೂಲಿ ಅಧ್ಯಾಪಕರ ಸಂದರ್ಶನ ಹೀಗೆಯೇ ನಡೆಯುತ್ತದೆ. ಒಂದು ಫೈಲೂ ವಾಪಸ್ ಬಂದಿಲ್ಲ.

ಕಾರಣ ಹೇಳುತ್ತೇನೆ. ಮಿನಿಟ್ಸ್ ಬುಕ್ ನಮ್ಮಲ್ಲಿ ಪಿಟಿಎ ಸಭೆಯಲ್ಲಿ ಓದಲ್ಪಡುತ್ತದೆ. ಹಿಂದೊಮ್ಮೆ ಹತ್ತಿರದ ಒಂದು ಶಾಲೆಯಲ್ಲಿ ಹೆಸರು, ಅಂಕ ಎರಡನ್ನೂ ಓದಿದರು. ಸಂಜೆಯೊಳಗೆ ಅಂಕಪಟ್ಟಿಯ ಫೋಟೊ ವಾಟ್ಸಾಪ್‌ನಲ್ಲಿ ಓಡಾಡಿತು. ದೂರು ಹೋಯಿತು, ಸಂದರ್ಶನ ಮತ್ತೆ ಮಾಡಬೇಕಾಯಿತು. ವಿಷಯ ತಜ್ಞರ ಪ್ರಯಾಣ, ಊಟ, ಜೆರಾಕ್ಸ್ ಸೇರಿ ಸುಮಾರು ಮೂರು ಸಾವಿರ ಹೋಗಿರಬೇಕು. ನಮ್ಮ ಕ್ರಮಕ್ಕೆ ಕವರು, ಜೆರಾಕ್ಸ್ ಎಲ್ಲ ಸೇರಿ ಇನ್ನೂರು ರೂಪಾಯಿಯೂ ಆಗುವುದಿಲ್ಲ.

ಹೆಸರಿನ ಬದಲು ಮೊದಲು ಅರ್ಜಿಯ ಕ್ರಮದಲ್ಲೇ ಕೋಡ್ ಕೊಟ್ಟು ನೋಡಿದೆವು. ನಡೆಯಲಿಲ್ಲ. ಒಳಗೆ ಕರೆದದ್ದೂ ಅದೇ ಕ್ರಮದಲ್ಲಿ. ಹೊರಗೆ ಕೂತವರಿಗೆ ಮೂರನೆಯವರು ಯಾರೆಂದು ಗೊತ್ತಿರುತ್ತದಲ್ವಾ? ಈಗ ಕೋಡ್‌ಗೆ ಚೀಟಿ, ಕರೆಯುವ ಕ್ರಮಕ್ಕೆ ಬೇರೆ ಚೀಟಿ. ಚೀಟಿ ಎತ್ತುವವರು ಯಾರು, ಹೇಗೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹೆಸರು ಮತ್ತು ಕೋಡ್ ಇರುವ ಒಂದೇ ಹಾಳೆ ಅಂಟಿಸಿದ ಕವರಿನಲ್ಲಿ, ಮೇಲೆ ಇಬ್ಬರ ಸಹಿ, ಎಚ್‌ಎಂ ಅವರ ಅಲ್ಮೇರಾದಲ್ಲಿ.

ಅಂಕದ ಹಂಚಿಕೆ ಅರ್ಜಿ ತೆರೆಯುವ ಮೊದಲೇ ಮಿನಿಟ್ಸ್‌ಗೆ ಹೋಗಬೇಕು. ನಮ್ಮದು 50: ಪಾಠ ಮಾಡಿ ತೋರಿಸಲು 20, ವಿಷಯಕ್ಕೆ 15, ಕನ್ನಡದಲ್ಲಿ ವಿವರಿಸಲು 10, ಅನುಭವಕ್ಕೆ 5. ಪ್ರತಿ ಸದಸ್ಯರಿಗೂ ಬೇರೆ ಹಾಳೆ. ಚರ್ಚೆಗೆ ಮೊದಲು ಅಂಕ ಹಾಕಿ ಸಹಿ ಮಾಡಬೇಕು. ಆಮೇಲೆ ಬದಲಿಸಬೇಕಾದರೆ ಹಳೆಯ ಅಂಕ ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸತು, ಚಿಕ್ಕ ಸಹಿ. ವೈಟ್ನರ್ ಮುಟ್ಟಲೇಬಾರದು. 'ಷರಾ' ಕಾಲಂ ತೆಗೆದುಹಾಕಿದೆ, ಯಾಕೆಂದರೆ ಅಲ್ಲಿ "ಮನೆ ದೂರ, ಮಗು ಚಿಕ್ಕದು" ಅಂತ ಬರುತ್ತಿತ್ತು. ಅದು ಅಂಕಕ್ಕೆ ಸಂಬಂಧಿಸಿದ ವಿಷಯವೇ ಅಲ್ಲ.

ನಿಜವಾದ ಪರೀಕ್ಷೆ ಬಂದದ್ದು ಗಣಿತದ ಹುದ್ದೆಯಲ್ಲಿ. ಪಟ್ಟಿಯಲ್ಲಿ ಇನಿಶಿಯಲ್ ಮಾತ್ರ ಇತ್ತು. ಅಭ್ಯರ್ಥಿ ಒಳಗೆ ಬಂದು ಕೂತ ಮೇಲೆಯೇ ಒಬ್ಬ ಸದಸ್ಯರಿಗೆ ಅದು ತಮ್ಮ ಸಂಬಂಧಿ ಎಂದು ಗೊತ್ತಾಯಿತು. ಅವರು ತಕ್ಷಣ ಹೇಳಿದರು. "ಆ ಒಬ್ಬರಿಗೆ ನಾನು ಅಂಕ ಹಾಕುವುದಿಲ್ಲ, ಉಳಿದವರಿಗೆ ಹಾಕುತ್ತೇನೆ" ಅಂದರು. ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ ಲೆಕ್ಕ ಹಾಕಿ ತೋರಿಸಿದೆ.

ಸಂಬಂಧಿಯ ಕೋಡ್ ಮ-2. ಎ, ಬಿ, ಸಿ ಸದಸ್ಯರು ಅವರಿಗೆ ಕೊಟ್ಟದ್ದು 39, 38, 41. ಸರಾಸರಿ 39.3. ಮ-4ಕ್ಕೆ ಇದೇ ಮೂವರು 41, 40, 42 ಕೊಟ್ಟಿದ್ದರು. ಸರಾಸರಿ 41. ಆದರೆ ಡಿ ಸದಸ್ಯರು, ಅಂದರೆ ಸಂಬಂಧ ತಿಳಿಸಿದವರು, ಮ-4ಕ್ಕೆ 29 ಹಾಕಿದ್ದರು. ಅದನ್ನೂ ಸೇರಿಸಿದರೆ ಸರಾಸರಿ 38ಕ್ಕೆ ಇಳಿಯುತ್ತದೆ, ಮ-2 ಮೇಲೆ ಬರುತ್ತದೆ. ಡಿ ಎಲ್ಲರಿಗೂ ಬಿಗಿಯಾಗಿ ಅಂಕ ಹಾಕುವವರು, ಅದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ಒಬ್ಬರಿಗೆ ಮೂವರ ಸರಾಸರಿ, ಇನ್ನೊಬ್ಬರಿಗೆ ನಾಲ್ವರದ್ದು ಅಂದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಹಾಗಾಗಿ ಆ ಹುದ್ದೆಗೆ ಅವರ ಹಾಳೆಯನ್ನೇ ಪೂರ್ತಿ ಬಿಟ್ಟೆವು. ಹರಿಯಲಿಲ್ಲ, ಕವರಿಗೆ ಹಾಕಿದೆವು. ಮಿನಿಟ್ಸ್‌ನಲ್ಲಿ ಬರೆದದ್ದು ಇಷ್ಟು: "ಒಬ್ಬ ಸದಸ್ಯರು ಒಬ್ಬ ಅಭ್ಯರ್ಥಿಯೊಂದಿಗೆ ಸಂಬಂಧ ತಿಳಿಸಿದ್ದಾರೆ. ಈ ಹುದ್ದೆಗೆ ಅವರ ಅಂಕಗಳನ್ನು ಯಾರಿಗೂ ಲೆಕ್ಕಕ್ಕೆ ಹಿಡಿದಿಲ್ಲ. ಮೂವರ ಸರಾಸರಿಯಂತೆ ಮ-4 ಒಂದನೇ, ಮ-2 ಎರಡನೇ ಶಿಫಾರಸು."

ಈಗ ಚೀಟಿ ಎತ್ತುವ ಮೊದಲು ಪೂರ್ತಿ ಹೆಸರು, ಮನೆಹೆಸರು, ತಂದೆ ಅಥವಾ ಗಂಡ-ಹೆಂಡತಿಯ ಹೆಸರು ಒಮ್ಮೆ ಓದಿ ಹೇಳುತ್ತೇನೆ. ಸದಸ್ಯರು ಸಂಬಂಧ ಇದೆ ಅಥವಾ ಇಲ್ಲ ಎಂದು ಸಹಿ ಹಾಕುತ್ತಾರೆ. ಆ ಹಾಳೆಯೂ ಕವರಿಗೆ.

ಮಿನಿಟ್ಸ್‌ನಲ್ಲಿ ಯಾವ ಸದಸ್ಯರು ಎಷ್ಟು ಕೊಟ್ಟರು ಎಂದೂ ಇಲ್ಲ, ಸರಾಸರಿ ಮಾತ್ರ. ಬಿಹಾರ ಲೋಕಸೇವಾ ಆಯೋಗದ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಸಂದರ್ಶನ ಮಂಡಳಿಯವರ ಹೆಸರನ್ನು ಮಾಹಿತಿ ಹಕ್ಕಿನಲ್ಲಿ ಕೊಡಬೇಕಾಗಿಲ್ಲ ಎಂದಿತ್ತು. ಅದನ್ನು ತೋರಿಸಿದ ಮೇಲೆ ಸದಸ್ಯರೂ ಧೈರ್ಯವಾಗಿ ಅಂಕ ಹಾಕತೊಡಗಿದರು. ಅಭ್ಯರ್ಥಿ ಬಂದು ಕೇಳಿದರೆ ಅವರ ಸಾಲು ಮಾತ್ರ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತೇವೆ. ಪುಸ್ತಕ ತಿರುಗಿಸಿ ತೋರಿಸುವುದಿಲ್ಲ.

ಶಿಫಾರಸಿನ ಸಾಲನ್ನು ಮಲಯಾಳದಲ್ಲೂ ಬರೆದು ನೋಡಿದೆ. ಅರ್ಥ ಕೇಳಿ ಎಇಒ ಆಫೀಸಿನಿಂದ ಫೋನ್ ಬರುವುದು ನಿಂತಿತು. ಆಯ್ಕೆಯಾದವರ ಹೆಸರು ಮಾತ್ರ ಬೇರೆ ಪತ್ರದಲ್ಲಿ ಅಲ್ಲಿಗೆ ಹೋಗುತ್ತದೆ, ಪ್ರಮಾಣಪತ್ರಗಳ ನಕಲೂ ಅವರದ್ದು ಮಾತ್ರ.

ಆ ಮ-4 ಕೆಲವು ತಿಂಗಳಲ್ಲಿ ಖಾಯಂ ಕೆಲಸ ಸಿಕ್ಕಿ ಹೋದರು. ಇಬ್ಬರ ಎದುರು ಕವರ್ ತೆರೆದು, ತೆರೆದ ದಿನಾಂಕ ಬರೆದು ಸಹಿ ಹಾಕಿ, ಮ-2 ಯಾರೆಂದು ನೋಡಿ ಕರೆದೆವು. ಹೊಸ ಸಂದರ್ಶನ ಬೇಕಾಗಲಿಲ್ಲ. ಡಿ ಸದಸ್ಯರ ಸಂಬಂಧಿ ಎಂದು ಯಾರೂ ಆಕ್ಷೇಪ ಎತ್ತಲೂ ಇಲ್ಲ.