ಎಐ ಬರೆದ ಕರಡನ್ನು ನಾನು ತಿದ್ದುವ ಬಗೆ: ಒಂದು ಎಫ್‌ಡಿ ಲೇಖನದ ಉದಾಹರಣೆ

ಹಣಕಾಸಿನ ವಿಷಯಗಳನ್ನು ಕನ್ನಡದಲ್ಲಿ ತಿಳಿಸುವ ಲೇಖನಗಳನ್ನು ತಿದ್ದಿ ಪ್ರಕಟಣೆಗೆ ಕೊಡುವುದು ನನ್ನ ಕೆಲಸ. ಎಐ ಸಹಾಯದಿಂದ ಸಿದ್ಧವಾದ ಕರಡು ಕೈಗೆ ಬಂದಾಗ ಬರೆದವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಬರಹದಲ್ಲಿ ಎಐ ಪಾಲೆಷ್ಟು ಎಂದು ಅಂಕ ಕೊಡುವ ಡಿಟೆಕ್ಟರ್‌ನಲ್ಲಿ ಎಷ್ಟು ಶೇಕಡಾ ತೋರಿಸಿದರೆ ಗೂಗಲ್ ಒಪ್ಪುತ್ತದೆ? ಅಂಥ ಮಿತಿಯೇ ಇಲ್ಲ. ಹಾಗಾಗಿ ಡಿಟೆಕ್ಟರ್ ಓಡಿಸುವ ಹಂತವನ್ನೇ ನನ್ನ ಕ್ರಮದಿಂದ ತೆಗೆದುಹಾಕಿದ್ದೇನೆ. ಆ ಸಮಯವನ್ನು ಎಲ್ಲಿ ಖರ್ಚು ಮಾಡುತ್ತೇನೆ ಎಂಬುದನ್ನು ಒಂದು ಲೇಖನವನ್ನೇ ಎದುರಿಗಿಟ್ಟುಕೊಂಡು ಹೇಳುತ್ತೇನೆ.

ಮೊದಲು ಅಂಕ ಏಕೆ ನಂಬಿಕೆಗೆ ಅರ್ಹವಲ್ಲ ಎಂಬುದು. ಡಿಟೆಕ್ಟರ್ ಮುಖ್ಯವಾಗಿ ನೋಡುವುದು ಒಂದು ಪದದ ನಂತರ ಬರುವ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು. ಬ್ಯಾಂಕ್ ನಿಯಮ, ಸರ್ಕಾರಿ ಆದೇಶ, ಅರ್ಜಿ ನಮೂನೆಗಳ ಭಾಷೆ ಸಿದ್ಧ ಅಚ್ಚಿನಲ್ಲೇ ಇರುತ್ತದೆ. ಅದನ್ನು ಮನುಷ್ಯರೇ ಬರೆದರೂ ಊಹೆಗೆ ಸಿಗುತ್ತದೆ. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿ ಕೊನೆಗೆ ಒಂದು ಪತ್ತೆ ಸಾಧನ ಬಿಡುಗಡೆ ಮಾಡಿತ್ತು. ಸಂಸ್ಥೆಯ ಸ್ವಂತ ಪರೀಕ್ಷೆಯಲ್ಲಿ ಅದು ಎಐ ಬರಹದಲ್ಲಿ 26% ಮಾತ್ರ ಹಿಡಿಯಿತು, ಮನುಷ್ಯರು ಬರೆದದ್ದರಲ್ಲಿ 9% ಅನ್ನು ಎಐ ಎಂದಿತು. ಇಂಗ್ಲಿಷಿಗೆ ಮಾತ್ರ ಬಳಸಿ ಎಂಬ ಸೂಚನೆಯೂ ಜೊತೆಗಿತ್ತು. ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಇಂಗ್ಲಿಷಿನಲ್ಲೇ ಹೀಗಿದ್ದಾಗ ಕನ್ನಡದ ಪುಟಕ್ಕೆ ಬರುವ ಅಂಕದ ಮೇಲೆ ಒಂದು ವಾಕ್ಯವನ್ನೂ ತಿದ್ದುವುದು ಸರಿಯಲ್ಲ.

ಅಂಕ ಇಳಿಸಲು ಹೊರಟಾಗ ಆಗುವ ಹಾನಿ ಇನ್ನೂ ದೊಡ್ಡದು. ಪದ ಬದಲಿಸುವ ಸಾಧನಕ್ಕೆ ಕರಡು ಕೊಟ್ಟರೆ ಅದು ‘ಠೇವಣಿ’ ಇದ್ದಲ್ಲಿ ‘ಹೂಡಿಕೆ’, ‘ಬಡ್ಡಿ’ ಇದ್ದಲ್ಲಿ ‘ಲಾಭ’, ‘ಅವಧಿ’ ಇದ್ದಲ್ಲಿ ‘ಸಮಯ’ ಎಂದು ಹಾಕುತ್ತಾ ಹೋಗುತ್ತದೆ. ಅಂಕ ಕಡಿಮೆಯಾಗುತ್ತದೆ, ಲೇಖನ ಕೆಡುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಓದುಗರಿಗೆ ಬೇಕಾಗುವ ಪದವೇ ಪುಟದಿಂದ ಮಾಯವಾಗಿರುತ್ತದೆ.

ಗೂಗಲ್ ತನ್ನ ನಿಲುವನ್ನು 2023ರ ಫೆಬ್ರುವರಿಯಲ್ಲೇ ಬರೆದು ಹೇಳಿತು: ಬರಹ ಹೇಗೆ ತಯಾರಾಯಿತು ಎಂಬುದಕ್ಕಿಂತ ಗುಣಮಟ್ಟ ಮುಖ್ಯ, ಹುಡುಕಾಟದ ಸ್ಥಾನ ಗಿಟ್ಟಿಸುವುದೇ ಮುಖ್ಯ ಉದ್ದೇಶವಾಗಿ ಯಂತ್ರದಿಂದ ಬರೆಸಿದರೆ ಅದು ಸ್ಪ್ಯಾಮ್. ಹುಡುಕಾಟದ ಫಲಿತಾಂಶಗಳನ್ನು ತೂಗಿ ನೋಡುವ ಮೌಲ್ಯಮಾಪಕರಿಗೆ ಕೊಡುವ ಕೈಪಿಡಿಗೆ 2025ರ ಜನವರಿಯಲ್ಲಿ ಸೇರಿದ ಮಾತು ಇನ್ನೂ ಉಪಯುಕ್ತ. ಪುಟದ ಮುಖ್ಯ ಬರಹ ಪೂರ್ತಿಯಾಗಿ ಅಥವಾ ಬಹುಪಾಲು ನಕಲು, ಬೇರೆಯವರದರ ಮರುರೂಪ ಅಥವಾ ಎಐ ರಚನೆಯಾಗಿದ್ದು, ಅದರಲ್ಲಿ ಶ್ರಮವೂ ಸ್ವಂತಿಕೆಯೂ ಓದುಗರಿಗೆ ಹೊಸದಾಗಿ ಸಿಗುವ ಪ್ರಯೋಜನವೂ ಇಲ್ಲವೇ ಇಲ್ಲ ಎನ್ನುವಷ್ಟಿದ್ದರೆ ಅತಿ ಕೆಳಗಿನ ದರ್ಜೆ ಕೊಡಿ ಎನ್ನುತ್ತದೆ ಅದು. ಗಮನಿಸಿ, ಕೈಯಿಂದ ನಕಲು ಮಾಡಿದವರೂ ಯಂತ್ರದಿಂದ ಬರೆಸಿದವರೂ ಅಲ್ಲಿ ಒಂದೇ ಸಾಲಿನಲ್ಲಿದ್ದಾರೆ. ಮೌಲ್ಯಮಾಪಕರ ದರ್ಜೆ ಯಾವುದೇ ಪುಟದ ಸ್ಥಾನವನ್ನು ನೇರವಾಗಿ ಬದಲಿಸುವುದಿಲ್ಲ. ಆದರೂ ಗೂಗಲ್ ತನ್ನ ವ್ಯವಸ್ಥೆಯಿಂದ ಏನನ್ನು ಬಯಸುತ್ತದೆ ಎಂಬುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ಶ್ರಮ, ಸ್ವಂತಿಕೆ, ಪ್ರಯೋಜನ ಈ ಮೂರನ್ನೇ ನಾನು ಕರಡಿನಲ್ಲಿ ಹುಡುಕುವುದು.

ಉದಾಹರಣೆಗೆ ‘ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿದರೆ ಎಷ್ಟು ನಷ್ಟ?’ ಎಂಬ ಕರಡನ್ನು ತೆಗೆದುಕೊಳ್ಳೋಣ. ಯಂತ್ರ ಕೊಡುವ ಕರಡು ಸಾಮಾನ್ಯವಾಗಿ ಎಫ್‌ಡಿ ಎಂದರೇನು ಎಂದು ಶುರುವಾಗಿ, ಅದರ ಲಾಭಗಳನ್ನು ಹೇಳಿ, ‘ಬ್ಯಾಂಕುಗಳು 0.5%ರಿಂದ 1% ದಂಡ ವಿಧಿಸುತ್ತವೆ’ ಎಂಬ ಒಂದು ವಾಕ್ಯಕ್ಕೆ ಬಂದು, ‘ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ’ ಎಂದು ಮುಗಿಯುತ್ತದೆ. ನಾನು ಮೊದಲು ಮಾಡುವುದು ಲೇಖನದ ಶೀರ್ಷಿಕೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ವಾಕ್ಯಗಳಿಗೆ ಮಾತ್ರ ಗೆರೆ ಎಳೆಯುವುದು. ಇಂಥ ಕರಡಿನಲ್ಲಿ ಗೆರೆ ಬೀಳುವುದು ಆ ಒಂದೇ ವಾಕ್ಯಕ್ಕೆ. ಉಳಿದದ್ದು ಈಗಾಗಲೇ ಎಲ್ಲೆಡೆ ಇದೆ, ಹಾಗಾಗಿ ಅಳಿಸುತ್ತೇನೆ. ಪದಗಳ ಸಂಖ್ಯೆ ಕಡಿಮೆಯಾಯಿತಲ್ಲ ಎಂಬ ಚಿಂತೆ ಬೇಡ. ಇಷ್ಟು ಪದ ಇರಬೇಕೆಂಬ ನಿಯಮ ಗೂಗಲ್‌ಗಿಲ್ಲ.

ಎರಡನೆಯ ಕೆಲಸ ಉಳಿದ ವಾಕ್ಯವನ್ನು ಲೆಕ್ಕಕ್ಕೆ ಇಳಿಸುವುದು. ₹1,00,000ವನ್ನು 3 ವರ್ಷಕ್ಕೆ 7% ದರದಲ್ಲಿ ಇಟ್ಟು, ಸರಿಯಾಗಿ ಒಂದು ವರ್ಷಕ್ಕೆ ಮುರಿದರೆಂದುಕೊಳ್ಳಿ. ದಂಡ 1%. ಕರಡನ್ನು ಓದಿದವರು 7ರಲ್ಲಿ 1 ಕಳೆದು 6% ಸಿಗುತ್ತದೆ ಎಂದುಕೊಳ್ಳುತ್ತಾರೆ. ಆದರೆ ಮುರಿದಾಗ ಬ್ಯಾಂಕು ನೋಡುವುದು ಹಣ ಎಷ್ಟು ಕಾಲ ಇತ್ತು ಎಂಬುದನ್ನು. ಠೇವಣಿ ಇಟ್ಟ ದಿನ ಒಂದು ವರ್ಷದ ಎಫ್‌ಡಿಗೆ ಇದ್ದ ದರ 6.5% ಆಗಿದ್ದರೆ ದಂಡ ಕಳೆಯುವುದು ಅದರಿಂದ. ಸಿಗುವುದು 5.5%. ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುವ ಲೆಕ್ಕದಲ್ಲಿ:

```
100000 × (1 + 0.07/4)^4  = 107186
100000 × (1 + 0.06/4)^4  = 106136
100000 × (1 + 0.055/4)^4 = 105614
```

ಮುರಿಯದಿದ್ದರೆ ಆ ವರ್ಷ ಸೇರುತ್ತಿದ್ದ ಬಡ್ಡಿ ₹7,186. ಓದುಗರು ಊಹಿಸಿದ್ದು ₹6,136. ಕೈಗೆ ಬರುವುದು ₹5,614. ಯಂತ್ರದ ವಾಕ್ಯ ಸುಳ್ಳಲ್ಲ, ಆದರೆ ಅದನ್ನು ನಂಬಿ ಲೆಕ್ಕ ಹಾಕಿದವರಿಗೆ ₹522 ತಪ್ಪುತ್ತದೆ. ಇಂಥ ಅರ್ಧ ಸತ್ಯವನ್ನು ಯಾವ ಡಿಟೆಕ್ಟರೂ ಹಿಡಿಯಲಾರದು. ಲೆಕ್ಕ ಹಾಕದ ಸಂಪಾದಕರ ಕಣ್ಣಿಗೂ ಅದು ಬೀಳುವುದಿಲ್ಲ, ಏಕೆಂದರೆ ವಾಕ್ಯ ಸರಾಗವಾಗಿ ಓದಿಸಿಕೊಳ್ಳುತ್ತದೆ.

ಅಮೆರಿಕದ ಸಿನೆಟ್ ಎಂಬ ತಂತ್ರಜ್ಞಾನ ಸುದ್ದಿ ತಾಣದಲ್ಲಿ ಆದದ್ದೂ ಇದೇ ಬಗೆಯ ತಪ್ಪು. 2023ರ ಜನವರಿಯಲ್ಲಿ ಆ ಸಂಸ್ಥೆ ತಾನು ಎಐ ನೆರವಿನಿಂದ ಪ್ರಕಟಿಸಿದ್ದ 77 ಲೇಖನಗಳನ್ನು ಮರುಪರಿಶೀಲಿಸಿ 41ಕ್ಕೆ ತಿದ್ದುಪಡಿ ಹಾಕಿತು. ಒಂದರಲ್ಲಿ 10,000 ಡಾಲರನ್ನು 3% ಬಡ್ಡಿಗೆ ಇಟ್ಟರೆ ಮೊದಲ ವರ್ಷ 10,300 ಡಾಲರ್ ಗಳಿಸುತ್ತೀರಿ ಎಂದಿತ್ತು. ಗಳಿಕೆ 300, 10,300 ಅಸಲು ಸೇರಿದ ಮೊತ್ತ. ಸಂಪಾದಕರ ಕೈ ದಾಟಿ ಬಂದ ಲೇಖನಗಳವು. ಆದ್ದರಿಂದ ಅಂಕಿ ಇರುವ ಪ್ರತಿ ವಾಕ್ಯವನ್ನೂ ನಾನು ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟು ಓದುತ್ತೇನೆ. ಓದುವಾಗ ‘ಬಡ್ಡಿ’ ಎಂದಿದ್ದಲ್ಲಿ ಬಡ್ಡಿಯೇ ಇದೆಯೇ, ಮೊತ್ತ ಬಂದು ಕೂತಿದೆಯೇ ಎಂದು ಬೇರೆಯಾಗಿ ನೋಡುತ್ತೇನೆ.

ಮೂರನೆಯದು, ಕರಡಿನಲ್ಲಿ ಇಲ್ಲದ ಸಂಗತಿಯನ್ನು ಸೇರಿಸುವುದು. ಇದಕ್ಕೆ ಬ್ಯಾಂಕ್ ಕೌಂಟರಿನಲ್ಲಿ ಜನ ಯಾವುದಕ್ಕೆ ಜಗಳಕ್ಕಿಳಿಯುತ್ತಾರೆ ಎಂದು ಕೇಳಿಕೊಂಡರೆ ಸಾಕು. ಎಫ್‌ಡಿಯ ವಿಷಯದಲ್ಲಿ ಅದು ‘ಅಸಲೇ ಕಡಿಮೆ ಕೊಟ್ಟರು’ ಎಂಬ ದೂರು. ಬಡ್ಡಿಯನ್ನು ಆಗಾಗ ಖಾತೆಗೆ ಹಾಕಿಸಿಕೊಳ್ಳುವವರಿಗೆ ಹೀಗಾಗುತ್ತದೆ. ಮೇಲಿನ ಠೇವಣಿಯಲ್ಲೇ ಮೂರು ತಿಂಗಳಿಗೊಮ್ಮೆ ₹1,750ರಂತೆ ವರ್ಷಕ್ಕೆ ₹7,000 ಅವರ ಕೈ ಸೇರಿರುತ್ತದೆ. ಮುರಿದ ಮೇಲೆ ಅವರಿಗೆ ಸಲ್ಲಬೇಕಾದದ್ದು 5.5%ರಂತೆ ₹5,500. ಹೆಚ್ಚಾಗಿ ಹೋದ ₹1,500ನ್ನು ಬ್ಯಾಂಕು ಅಸಲಿನಿಂದ ಹಿಡಿದುಕೊಂಡು ₹98,500 ಕೊಡುತ್ತದೆ. ಒಂದು ಲಕ್ಷ ಇಟ್ಟವರಿಗೆ ಇದು ಮೋಸದಂತೆ ಕಾಣುತ್ತದೆ. ಈ ಒಂದು ಪ್ಯಾರಾ ಇದ್ದರೆ ಓದುಗರು ಬೇರೆ ಪುಟಕ್ಕೆ ಹೋಗಬೇಕಾಗಿಲ್ಲ.

ಆಮೇಲೆ, ಮುರಿಯದೆ ದಾರಿ ಇದೆಯೇ ಎಂಬುದನ್ನೂ ಅದೇ ಅಂಕಿಗಳಲ್ಲಿ ಹೇಳುತ್ತೇನೆ. ₹60,000 ಎರಡೇ ತಿಂಗಳಿಗೆ ಬೇಕಿದ್ದು, ಎಫ್‌ಡಿ ಮೇಲಿನ ಸಾಲ 8%ಕ್ಕೆ ಸಿಕ್ಕರೆ ಬಡ್ಡಿ ₹800. ಮುರಿದರೆ ಆ ವರ್ಷದ ಬಡ್ಡಿಯಲ್ಲಿ ಹೋಗುವುದು ₹1,572. ಎರಡೇ ತಿಂಗಳ ಅಗತ್ಯಕ್ಕೆ ಸಾಲವೇ ಮೇಲು; ಅವಧಿ ಉದ್ದವಾದಂತೆ ಈ ಲೆಕ್ಕ ತಿರುಗುತ್ತದೆ, ಅದನ್ನೂ ಬರೆಯಬೇಕು. ದರ, ದಂಡ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುವುದರಿಂದ ಇವು ಉದಾಹರಣೆಯ ಅಂಕಿಗಳೆಂದು ಲೆಕ್ಕದ ಪಕ್ಕದಲ್ಲೇ ನಮೂದಿಸುತ್ತೇನೆ, ಪುಟದ ತಳದಲ್ಲಲ್ಲ.

ಸತ್ಯ ಪರಿಶೀಲನೆಯಲ್ಲಿ ಎಐ ಕರಡುಗಳು ಎಡವುವುದು ನಿಯಮದ ಅಂಚಿನಲ್ಲಿ. ಠೇವಣಿ ವಿಮೆ ₹5 ಲಕ್ಷ ಎಂದು ಸರಿಯಾಗಿ ಬರೆದು, ಮುಂದಿನ ವಾಕ್ಯದಲ್ಲಿ ‘ಪ್ರತಿ ಖಾತೆಗೆ’ ಎಂದುಬಿಡುತ್ತವೆ. 2020ರ ಫೆಬ್ರುವರಿ 4ರಿಂದ ಇರುವ ಈ ಮಿತಿ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಮತ್ತು ಬಡ್ಡಿ ಎರಡೂ ಸೇರಿ. ಕರಡು ಕೊಟ್ಟ ಆಧಾರಗಳನ್ನೂ ಒಂದೊಂದಾಗಿ ತೆರೆಯುತ್ತೇನೆ. ತೆರೆಯದ ಕೊಂಡಿ, ಇಲ್ಲದ ಸುತ್ತೋಲೆ ಸಂಖ್ಯೆ ಕಂಡರೆ ಆ ಪ್ಯಾರಾವನ್ನು ಮೊದಲಿನಿಂದ ಬರೆಯಬೇಕು. ಇಂಗ್ಲಿಷ್ ವಿಕಿಪೀಡಿಯ 2025ರ ಆಗಸ್ಟ್‌ನಲ್ಲಿ ಎಐ ಲೇಖನಗಳನ್ನು ತ್ವರಿತವಾಗಿ ಅಳಿಸಲು ಮಾಡಿಕೊಂಡ ನಿಯಮವೂ ಇಂಥ ಗುರುತುಗಳನ್ನೇ ಹಿಡಿದುಕೊಂಡಿದೆ: ಅಸ್ತಿತ್ವದಲ್ಲೇ ಇಲ್ಲದ ಆಧಾರಗಳು, ‘ನೀವು ಕೇಳಿದ ಲೇಖನ ಇಲ್ಲಿದೆ’ ಎಂಬಂಥ ಅಳಿಸದೆ ಉಳಿದ ಸಾಲುಗಳು. ಯಾರೂ ಓದಿ ನೋಡಿಲ್ಲ ಎಂಬುದಕ್ಕೆ ಅವೇ ಸಾಕ್ಷಿ.

ಒಂದು ಲೇಖನ ಚೆನ್ನಾಗಿ ಬಂದ ಮೇಲೆ ಕಾಡುವ ಆಸೆಯೊಂದಿದೆ. ಅದನ್ನೇ ಅಚ್ಚು ಮಾಡಿಕೊಂಡು ಪ್ರತಿ ಬ್ಯಾಂಕಿಗೂ 31 ಜಿಲ್ಲೆಗಳಲ್ಲಿ ಜಿಲ್ಲೆಗೊಂದರಂತೆ ಪುಟ ತಯಾರಿಸುವುದು. ಹತ್ತು ಬ್ಯಾಂಕು ಹಿಡಿದರೂ 310 ಪುಟ. ದಂಡದ ಲೆಕ್ಕ ಬಳ್ಳಾರಿಯಲ್ಲೂ ಉಡುಪಿಯಲ್ಲೂ ಒಂದೇ ಆದ್ದರಿಂದ ಆ ಪುಟಗಳಲ್ಲಿ ಊರಿನ ಹೆಸರು ಬಿಟ್ಟರೆ ಹೊಸದೇನೂ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನೀತಿಗೆ ಸೇರಿಸಿದ ನಿಯಮ ನೇರವಾಗಿ ಇದನ್ನೇ ಗುರಿಯಾಗಿಟ್ಟಿದೆ. ಪ್ರಯೋಜನವಿಲ್ಲದ ಪುಟಗಳನ್ನು ರಾಶಿಯಾಗಿ ಹೊರತರುವುದು ಅಪರಾಧ, ಮಾಡಿದ್ದು ಯಂತ್ರವೋ ಮನುಷ್ಯರೋ ಎರಡೂ ಸೇರಿಯೋ ಎಂಬ ಭೇದವಿಲ್ಲ. ಬ್ಯಾಂಕಿಗೊಂದು ಪುಟ ಬೇಕೇ ಬೇಕೆಂದರೆ ಆ ಬ್ಯಾಂಕಿನ ದಂಡದ ದರ, ಎಷ್ಟು ಮೊತ್ತದ ಮೇಲೆ ಅದು ಬದಲಾಗುತ್ತದೆ, ಆ್ಯಪ್‌ನಲ್ಲೇ ಮುರಿಯಬಹುದೇ ಎಂಬ ಸಂಗತಿಗಳನ್ನು ನೋಡಿ ಬರೆಯಬೇಕು. ಅಷ್ಟು ಸಿಗದ ಬ್ಯಾಂಕಿಗೆ ಪುಟ ಮಾಡುವುದಿಲ್ಲ.

ಪ್ರಕಟವಾದ ನಂತರ ನೋಡುವುದು, ನಮ್ಮ ಪುಟಗಳು ಗೂಗಲ್ ಹುಡುಕಾಟದಲ್ಲಿ ಹೇಗಿವೆ ಎಂದು ತೋರಿಸುವ ಸರ್ಚ್ ಕನ್ಸೋಲ್. ಅಲ್ಲಿ ಎಐ ಅಂಕ ಎಂಬ ಅಂಕಣವೇ ಇಲ್ಲ. ಪುಟಗಳ ವರದಿಯಲ್ಲಿ `Crawled - currently not indexed` ಎಂಬ ಸಾಲಿನ ಕೆಳಗೆ ಒಂದೇ ಅಚ್ಚಿನ ಪುಟಗಳು ಗುಂಪಾಗಿ ಬಿದ್ದಿದ್ದರೆ, ಗೂಗಲ್ ಬಂದು ಓದಿ, ಸದ್ಯಕ್ಕೆ ಇಟ್ಟುಕೊಳ್ಳದೆ ಹೋಗಿದೆ ಎಂದರ್ಥ. ಆಗ ಪದ ಬದಲಿಸಿ ಮತ್ತೆ ಸಲ್ಲಿಸುವುದರಿಂದ ಉಪಯೋಗವಿಲ್ಲ. ನಾನು ಅವನ್ನು ಒಂದೇ ಪುಟಕ್ಕೆ ಸೇರಿಸಿ ಹಳೆಯ ವಿಳಾಸಗಳನ್ನು ಅದಕ್ಕೆ ತಿರುಗಿಸುತ್ತೇನೆ. ಸ್ಪ್ಯಾಮ್ ಎಂದು ಗೂಗಲ್‌ನ ಸಿಬ್ಬಂದಿಯೇ ಕ್ರಮ ಕೈಗೊಂಡಿದ್ದರೆ `Manual actions` ಪುಟದಲ್ಲಿ ಬರೆದಿರುತ್ತದೆ. ಅಲ್ಲಿ ಏನೂ ಇಲ್ಲದೆ ಭೇಟಿ ಕುಸಿದಿದ್ದರೆ ಯಾವ ಪುಟಗಳು, ಯಾವ ಪ್ರಶ್ನೆಗಳಿಗೆ ಇಳಿದವು ಎಂದು `Performance` ವರದಿಯಲ್ಲಿ ಹಿಂದಿನ ಅವಧಿಯೊಂದಿಗೆ ಹೋಲಿಸುತ್ತೇನೆ. ‘ಎಫ್‌ಡಿ ಎಂದರೇನು’ ಎಂಬ ಪ್ರಶ್ನೆಗೆ ಇಳಿದರೆ ಬಿಟ್ಟುಬಿಡುತ್ತೇನೆ. ‘ಎಫ್‌ಡಿ ಮುರಿದರೆ ಅಸಲು ಏಕೆ ಕಡಿಮೆ’ ಎಂಬುದಕ್ಕೆ ಇಳಿದಿದ್ದರೆ ಮೊದಲು ಪುಟದಲ್ಲಿರುವ ದರಗಳು ಹಳತಾಗಿವೆಯೇ ನೋಡಿ, ₹98,500ರ ಲೆಕ್ಕವನ್ನು ಇಂದಿನ ದರದಲ್ಲಿ ಮತ್ತೆ ಹಾಕುತ್ತೇನೆ.