ಮದರಂಗಿ ಕಲಿಸುವ ವಿಡಿಯೊಗೆ ಸ್ಕ್ರಿಪ್ಟ್ ಬರೆಯುವ ಬಗೆ

ಮೊಬೈಲ್ ಮುಂದಿಟ್ಟುಕೊಂಡು ಮದರಂಗಿ ಕಲಿಯಲು ಕುಳಿತವರ ಒಂದು ಕೈಯಲ್ಲಿ ಕೋನ್ ಇರುತ್ತದೆ, ಇನ್ನೊಂದು ಕೈಯ ಮೇಲೆ ಹಸಿ ಮದರಂಗಿ ಇರುತ್ತದೆ. ವಿಡಿಯೊವನ್ನು ಹಿಂದಕ್ಕೆ ಸರಿಸಲು ಅವರಿಗೆ ಕೈಯೇ ಉಳಿದಿರುವುದಿಲ್ಲ. ನನ್ನ ತಂಗಿಯ ಮಗಳು ಒಂದೇ ಒಂದು ಎಸಳನ್ನು ಮತ್ತೆ ನೋಡುವ ಸಲುವಾಗಿ ಮೂಗಿನ ತುದಿಯಿಂದ ಪರದೆ ಮುಟ್ಟುತ್ತಿದ್ದುದನ್ನು ಕಂಡಿದ್ದೇನೆ. ಆ ವಿಡಿಯೊ ಮಾಡಿದವರ ಕೈ ಚೆನ್ನಾಗಿಯೇ ಇತ್ತು, ಆದರೆ ಮಾತನ್ನು ಆಮೇಲೆ ಅಂಟಿಸಿದ್ದರು. ‘ಹೀಗೆ ಎಳೆಯಿರಿ’ ಎನ್ನುವಷ್ಟರಲ್ಲಿ ಎರಡು ಎಸಳು ಮುಗಿದಿದ್ದವು.

ಮೊದಲಿಗೆ ಒಂದೇ ಚಿತ್ತಾರವನ್ನು ಆರಿಸಿಕೊಳ್ಳಬೇಕು. ಅಂಗೈ ನಡುವೆ ದುಂಡನೆಯ ಬೊಟ್ಟು, ಅದರ ಸುತ್ತ ಒಂದು ವೃತ್ತ, ವೃತ್ತಕ್ಕೆ ಎಂಟು ಎಸಳು, ಬೆರಳ ತುದಿಗಳಿಗೆ ಟೊಪ್ಪಿ. ಹೊಸಬರಿಗೆ ಇಷ್ಟು ಸಾಕು. ಬಳ್ಳಿ, ನವಿಲುಗಳನ್ನು ಇನ್ನೊಂದು ವಿಡಿಯೊಗೆ ಬಿಡುವುದು ಒಳ್ಳೆಯದು.

ಎರಡನೆಯದಾಗಿ, ಒಂದಕ್ಷರವನ್ನೂ ಬರೆಯುವ ಮುನ್ನ ಇಡೀ ಚಿತ್ತಾರವನ್ನು ಒಮ್ಮೆ ನಿಧಾನವಾಗಿ ಬಿಡಿಸಿ ಚಿತ್ರೀಕರಿಸಿಕೊಂಡು, ಪ್ರತಿ ಗೆರೆಗೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಕಾಗದದ ಎಡಬದಿಯಲ್ಲಿ ಗುರುತಿಸಿಕೊಳ್ಳಬೇಕು. ಮಾತು ಬರುವುದು ಬಲಬದಿಯಲ್ಲಿ, ಆ ಸೆಕೆಂಡುಗಳಿಗೆ ಹಿಡಿಸುವಷ್ಟು ಮಾತ್ರ. ಬೊಟ್ಟು, ವೃತ್ತ, ಟೊಪ್ಪಿಗಳಿಗೆ ತಲಾ ಒಂದು ವಾಕ್ಯ ಸಾಲುತ್ತದೆ.

ಹೊಸಬರು ಕೆಡಿಸುವುದು ಎಸಳನ್ನು. ಉಬ್ಬಿದ ತಲೆಯಿಂದ ಸಣ್ಣಗಾಗುತ್ತ ಬರುವ ಬಾಲ ಎಸಳಿನ ಲಕ್ಷಣ. ಆದರೆ ಕೋನನ್ನು ಒತ್ತುತ್ತಲೇ ಎಳೆದರೆ ಬಾಲವೂ ತಲೆಯಷ್ಟೇ ದಪ್ಪವಾಗಿ ಹುಳುವಿನಂತೆ ಕಾಣುತ್ತದೆ, ಎಳೆಯದೆ ನೇರ ಮೇಲಕ್ಕೆತ್ತಿದರೆ ಮದರಂಗಿಯ ಎಳೆ ಜೋತುಬಿದ್ದು ಪಕ್ಕದ ಎಸಳಿನ ಮೇಲೆ ಬೀಳುತ್ತದೆ. ಈ ಎರಡೂ ತಪ್ಪುಗಳು ಹುಟ್ಟುವುದು ಹೆಬ್ಬೆರಳಿನಲ್ಲಿ. ಆದ್ದರಿಂದ ಎಸಳಿನ ದೃಶ್ಯದಲ್ಲಿ ಕೋನಿನ ಮೂತಿಯ ಜೊತೆಗೆ ಒತ್ತುವ ಹೆಬ್ಬೆರಳೂ ಚೌಕಟ್ಟಿನೊಳಗೆ ಇರಲೇಬೇಕು. ಬಹಳ ಮಂದಿ ಅದನ್ನು ಹೊರಗಿಟ್ಟು ಬರೀ ಗೆರೆಯನ್ನು ತೋರಿಸುತ್ತಾರೆ.

ಮೊದಲ ಎಸಳಿಗೆ ನಾನು ಬರೆಯುವುದು ಹೀಗೆ:

ದೃಶ್ಯ: ಮೂತಿ ಚರ್ಮದಿಂದ ಕೂದಲೆಳೆಯಷ್ಟು ಮೇಲೆ, ಕೈ ಅಲುಗಾಡದು. 4 ಸೆಕೆಂಡ್. ಮಾತು: ‘ವೃತ್ತದಿಂದ ಅರ್ಧ ಬೆರಳಿನಷ್ಟು ಆಚೆ ಕೋನ್ ಹಿಡಿಯಿರಿ.’

ದೃಶ್ಯ: ಹೆಬ್ಬೆರಳು ಒತ್ತುತ್ತದೆ, ಬೊಟ್ಟು ಉಬ್ಬುತ್ತದೆ. 3 ಸೆಕೆಂಡ್. ಮಾತು: ‘ಉದ್ದಿನ ಕಾಳಿನಷ್ಟು ಆಗುವವರೆಗೆ ಒತ್ತಿರಿ.’

ದೃಶ್ಯ: ಹೆಬ್ಬೆರಳು ಸಡಿಲವಾಗುತ್ತದೆ. 2 ಸೆಕೆಂಡ್. ಮಾತು: ‘ಈಗ ಒತ್ತುವುದನ್ನು ನಿಲ್ಲಿಸಿ, ವೃತ್ತದ ಕಡೆಗೆ ಎಳೆಯಿರಿ.’

ದೃಶ್ಯ: ಮೂತಿ ವೃತ್ತವನ್ನು ಮುಟ್ಟುತ್ತದೆ. 5 ಸೆಕೆಂಡ್. ಮಾತು ಇಲ್ಲ.

ಇಲ್ಲಿ ಮಾತು ಯಾವಾಗಲೂ ಕೈಗಿಂತ ಅರೆಗಳಿಗೆ ಮುಂದಿರುತ್ತದೆ, ಗೆರೆ ಬೀಳುವಾಗ ಮೌನವಿರುತ್ತದೆ. ಕೇಳಿ, ತಿಳಿದು, ಬೆರಳು ಸಡಿಲಿಸಲು ನೋಡುಗರಿಗೆ ಆ ಅರೆಗಳಿಗೆ ಬೇಕು. ಮೌನಕ್ಕೆ ಹೆದರಿ ಅದನ್ನು ಸಂಗೀತದಿಂದ ತುಂಬುವವರಿದ್ದಾರೆ. ನಾನಂತೂ ಅದನ್ನು ಒಪ್ಪುವುದಿಲ್ಲ, ಏಕೆಂದರೆ ಸಂಗೀತದ ತಾಳಕ್ಕೆ ಕಲಿಯುವವರ ಕೈ ಓಡತೊಡಗುತ್ತದೆ.

ಎರಡನೆಯ ಎಸಳನ್ನು ಮೊದಲನೆಯದರ ನೇರ ಎದುರಿಗೆ, ನಂತರದ ಎರಡನ್ನು ಎಡಬಲಕ್ಕೆ, ಉಳಿದ ನಾಲ್ಕನ್ನು ಸಂದುಗಳಲ್ಲಿ ಬಿಡಿಸಿರೆಂದು ಸ್ಕ್ರಿಪ್ಟಿನಲ್ಲಿ ಹೇಳಬೇಕು. ಸಾಲಾಗಿ ಸುತ್ತಿ ಬಂದರೆ ಎಂಟನೆಯದಕ್ಕೆ ಜಾಗ ಉಳಿಯುವುದಿಲ್ಲ. ಎರಡನೆಯ ಎಸಳಿಗೆ ‘ಒತ್ತಿ, ನಿಲ್ಲಿಸಿ, ಎಳೆಯಿರಿ’ ಎಂಬಷ್ಟೇ ಮಾತು, ಉಳಿದವಕ್ಕೆ ಅದೂ ಬೇಡ. ಆದರೆ ಅವನ್ನು ವೇಗವಾಗಿ ಓಡಿಸಿ ತೋರಿಸಬಾರದು. ಆ ಹೊತ್ತಿನಲ್ಲಿಯೇ ನೋಡುಗರು ತಮ್ಮ ಎಸಳುಗಳನ್ನು ಮುಗಿಸುತ್ತಿರುತ್ತಾರೆ.

ಬಲಗೈಯಲ್ಲಿ ಬಿಡಿಸುವವರು ಕ್ಯಾಮೆರಾವನ್ನು ತಮ್ಮ ಎಡಭುಜದ ಕಡೆಯಿಂದ ಕೆಳಮುಖವಾಗಿ ಇಡಬೇಕು, ಬಲಬದಿಯಲ್ಲಿಟ್ಟರೆ ಮುಷ್ಟಿಯೇ ಮೂತಿಯನ್ನು ಮರೆಮಾಡುತ್ತದೆ. ಸೆಲ್ಫಿ ಕ್ಯಾಮೆರಾ ಬಳಸಿದರೆ ಎಡಬಲ ಅದಲುಬದಲಾಗುವ ಸಂಭವವಿರುವುದರಿಂದ ‘ಎಡಕ್ಕೆ’ ಎಂದ ಮಾತು ಸುಳ್ಳಾಗಬಹುದು.

ಕೊನೆಯಲ್ಲಿ ಬಣ್ಣದ ಬಗ್ಗೆ ಎರಡು ವಾಕ್ಯ ಬೇಕೇ ಬೇಕು. ಎಲೆಯ ಮದರಂಗಿಯನ್ನು 4ರಿಂದ 6 ಗಂಟೆ ಬಿಟ್ಟು, ನೀರು ತಾಗಿಸದೆ ಕೆರೆದು ತೆಗೆದಾಗ ಕಾಣುವುದು ಕಿತ್ತಳೆ ಬಣ್ಣ. ಅದು ಕೆಂಪಾಗಿ ಕಂದಾಗಲು ಒಂದೆರಡು ದಿನ ಬೇಕು. ಇದನ್ನು ಹೇಳದಿದ್ದರೆ ಹೊಸಬರು ಮದರಂಗಿ ಹತ್ತಲಿಲ್ಲವೆಂದು ಭಾವಿಸಿ, ಮುಂದಿನ ಬಾರಿ ಅಂಗಡಿಯಿಂದ ‘ಕಪ್ಪು ಮೆಹೆಂದಿ’ ಕೋನ್ ತರುತ್ತಾರೆ. ಮದರಂಗಿ ಎಲೆ ಕಪ್ಪು ಬಣ್ಣ ಕೊಡುವುದಿಲ್ಲ; ಅಂಥ ಕೋನುಗಳಲ್ಲಿ ಹಲವು ಬಾರಿ ತಲೆಗೂದಲ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ, ಅದರಿಂದ ಚರ್ಮದಲ್ಲಿ ಬೊಬ್ಬೆ ಏಳಬಹುದು. ಆದ್ದರಿಂದ ಎರಡು ದಿನದ ನಂತರ ಅದೇ ಬೆಳಕಿನಲ್ಲಿ ಅದೇ ಅಂಗೈಯನ್ನು ಇನ್ನೊಮ್ಮೆ ಚಿತ್ರೀಕರಿಸಿ, ಕೆರೆದ ಕೂಡಲೆ ತೆಗೆದ ದೃಶ್ಯದ ಪಕ್ಕದಲ್ಲಿ ಐದು ಸೆಕೆಂಡ್ ನಿಲ್ಲಿಸಬೇಕು.